ಹೆಸರಿನ ನಂತರ ಬರುವ ಪ್ರಾರ್ಥನೆ

ಬಹರೈನ್‌ಗೆ ಬಂದ ಹೊಸತರಲ್ಲಿ ನಡೆದ ಒಂದು ಪ್ರಸಂಗವನ್ನು ಮೊದಲು ಹೇಳಿಬಿಡುತ್ತೇನೆ. ಆಗ ನನ್ನ ಅರಬ್ಬಿ ಭಾಷೆಯ ಜ್ಞಾನ ಕೆಮ್ಮು, ಜ್ವರ, ಹೊಟ್ಟೆನೋವು ಎಂಬಷ್ಟಕ್ಕೇ ಸೀಮಿತವಾಗಿತ್ತು. ಸುಮಾರು ನಲವತ್ತು ವರ್ಷದ ರೋಗಿಯೊಬ್ಬರು ಎದೆನೋವೆಂದು ಬಂದಿದ್ದರು. ಕುಟುಂಬದಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಇದೆಯೇ ಎಂದು ಕೇಳಿಸಿದೆ. ಅವರು ಒಂದು ಸಾಲಿನ ಉತ್ತರ ಕೊಟ್ಟರು. ಪಕ್ಕದಲ್ಲಿದ್ದ ದುಭಾಷಿ ಅದನ್ನು ಇಂಗ್ಲಿಷಿಗೆ ತಂದು, ತಂದೆಗೆ ಸಕ್ಕರೆ ಕಾಯಿಲೆ ಇತ್ತು ಎಂದಷ್ಟೇ ಹೇಳಿದ. ನಾನು ಬರೆದುಕೊಂಡು, ತಂದೆಯವರು ಈಗ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಮರುಪ್ರಶ್ನೆ ಹಾಕಿದೆ. ರೋಗಿಯ ಮುಖ ಸಣ್ಣದಾಯಿತು. ಅವರು ತಮ್ಮ ಉತ್ತರದಲ್ಲಿ ತಂದೆಯ ಹೆಸರಿನ ನಂತರ ‘ಅಲ್ಲಾಹ್ ಯರ್ಹಮಹ್’ ಎಂದಿದ್ದರು. ದೇವರು ಅವರಿಗೆ ಕರುಣೆ ತೋರಲಿ ಎಂದು ಅದರ ಅರ್ಥ. ತೀರಿಕೊಂಡವರ ಹೆಸರಿನ ನಂತರ ಇಲ್ಲಿನ ಜನ ತಪ್ಪದೆ ಹೇಳುವ ಮಾತು ಅದು. ತಂದೆ ತೀರಿಕೊಂಡದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ. ನನ್ನ ಮುಂದಿದ್ದ ರೋಗಿಯ ವಿಷಯದಲ್ಲಿ ಅದಕ್ಕಿಂತ ಮುಖ್ಯವಾದ ಮಾಹಿತಿ ಬೇರೊಂದಿರಲಿಲ್ಲ. ದುಭಾಷಿ ಅದನ್ನು ಬರಿಯ ಉಪಚಾರದ ಮಾತೆಂದು ಬಿಟ್ಟುಬಿಟ್ಟಿದ್ದ.

ಆ ದಿನದಿಂದ ಹೆಸರಿನ ನಂತರ ಬರುವ ಈ ಪುಟ್ಟ ವಾಕ್ಯಗಳ ಕಡೆಗೆ ನನ್ನ ಕಿವಿ ತೆರೆದುಕೊಂಡಿತು. ಇವುಗಳನ್ನು ಗೌರವಸೂಚಕಗಳೆಂದು ಕರೆಯುವ ರೂಢಿ ಇದೆ. ಆ ಹೆಸರೇ ತಪ್ಪು ದಾರಿಗೆ ಒಯ್ಯುತ್ತದೆ ಎಂಬುದು ನನ್ನ ಅಭಿಪ್ರಾಯ. ಹಾಗೇಕೆ ಎಂಬುದನ್ನು ಕಳೆದ ರಂಜಾನಿಗೆ ಮುಂಚೆ ನಾವು ಕೆಲವರು ಸೇರಿ ಮಾಡಿದ ಒಂದು ಅನುವಾದದ ಮೂಲಕ ಹೇಳುವುದು ಸುಲಭ.

ಇಲ್ಲಿನ ಕನ್ನಡಿಗರಿಗಾಗಿ ನಡೆಸುವ ಆರೋಗ್ಯ ಶಿಬಿರದಲ್ಲಿ ಹಂಚಲು, ಮಧುಮೇಹಿಗಳು ಉಪವಾಸ ಮಾಡುವುದರ ಬಗ್ಗೆ ಒಂದು ಕರಪತ್ರ ಬೇಕಾಗಿತ್ತು. ಹಿರಿಯ ಅರಬ್ ವೈದ್ಯರೊಬ್ಬರು ಬಹಳ ಹಿಂದೆ ಬರೆದ ನಾಲ್ಕು ಪುಟದ ಒಳ್ಳೆಯ ಕರಪತ್ರ ಸಿಕ್ಕಿತು. ಅದಕ್ಕೆ ಇಂಗ್ಲಿಷ್ ಅನುವಾದವೂ ಇತ್ತು. ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಮಂಗಳೂರಿನ ಕಡೆಯ ಔಷಧತಜ್ಞರೊಬ್ಬರು ಅರಬ್ಬಿ ಮೂಲವನ್ನು ಓದಿ ಹೇಳಲು ಒಪ್ಪಿದರು. ಅವರನ್ನು ನಾನು ಸಾಹೇಬರೆಂದೇ ಕರೆಯುವುದು. ಮಾತ್ರೆಯ ಪ್ರಮಾಣ, ರಕ್ತದ ಸಕ್ಕರೆ ಎಪ್ಪತ್ತಕ್ಕಿಂತ ಕೆಳಗಿಳಿದರೆ ಉಪವಾಸ ಬಿಡಬೇಕೆಂಬ ಸೂಚನೆ, ಇವೆಲ್ಲ ಒಂದು ಸಂಜೆಯಲ್ಲಿ ಮುಗಿದವು. ಉಳಿದ ಮೂರು ಸಂಜೆಗಳು ಹೋದದ್ದು ನಾಲ್ಕು ಹೆಸರುಗಳ ಮೇಲೆ.

ಕರಪತ್ರದ ಮೊದಲ ಪುಟದಲ್ಲಿ ಪ್ರವಾದಿ ಮುಹಮ್ಮದರ ಹೆಸರು ಬರುತ್ತದೆ. ಅದರ ನಂತರ ‘ಸಲ್ಲಲ್ಲಾಹು ಅಲೈಹಿ ವಸಲ್ಲಮ್’. ವ್ಯಾಕರಣ ಹಿಡಿದು ನೋಡಿದರೆ ಇಲ್ಲಿರುವ ಎರಡು ಕ್ರಿಯಾಪದಗಳೂ ಭೂತಕಾಲದವು. ಆದರೆ ಅರಬ್ಬಿಯಲ್ಲಿ ಪ್ರಾರ್ಥನೆಯನ್ನು ಭೂತಕಾಲದ ರೂಪದಲ್ಲಿ ಹೇಳುವ ಕ್ರಮವಿದೆ. ಅರ್ಥ ಮಾತ್ರ ‘ಹಾಗಾಗಲಿ’ ಎಂಬುದು. ಮೊದಲ ಕ್ರಿಯಾಪದದ ಮೂಲದಿಂದಲೇ ನಮಾಜಿಗೆ ಅರಬ್ಬಿಯಲ್ಲಿರುವ ‘ಸಲಾತ್’ ಎಂಬ ಹೆಸರೂ ಬಂದಿದೆ. ಹೀಗಾಗಿ ನಿಘಂಟು ಹಿಡಿದು ಅನುವಾದಿಸಿದರೆ ‘ದೇವರು ಅವರ ಮೇಲೆ ಪ್ರಾರ್ಥಿಸಿದನು’ ಎಂಬ ಅಸಂಬದ್ಧ ವಾಕ್ಯ ಹುಟ್ಟುತ್ತದೆ. ದೇವರು ಯಾರನ್ನು ಪ್ರಾರ್ಥಿಸಬೇಕು? ಆ ಪದವನ್ನು ದೇವರಿಗೆ ಅನ್ವಯಿಸಿದಾಗ ಹರಕೆ, ಅನುಗ್ರಹ ಎಂಬ ಅರ್ಥ ಬರುತ್ತದೆ. ಎರಡನೆಯ ಕ್ರಿಯಾಪದ ಶಾಂತಿಯನ್ನು, ಕ್ಷೇಮವನ್ನು ಕೋರುವುದು. ಕುರ್‌ಆನಿನ 33ನೆಯ ಅಧ್ಯಾಯದ 56ನೆಯ ವಚನ ವಿಶ್ವಾಸಿಗಳಿಗೆ ಈ ಎರಡನ್ನೂ ಮಾಡಲು ಹೇಳುತ್ತದೆ; ಆದುದರಿಂದ ಪ್ರಾರ್ಥನೆಗೂ ಎರಡು ಭಾಗಗಳು.

ಇಂಗ್ಲಿಷ್ ಕರಪತ್ರದಲ್ಲಿ ಇದ್ದದ್ದು ‘ಪೀಸ್ ಬಿ ಅಪಾನ್ ಹಿಮ್’, ಅದೂ ಪಿ.ಬಿ.ಯು.ಎಚ್. ಎಂಬ ನಾಲ್ಕಕ್ಷರವಾಗಿ. ಇದು ಇಂದು ಲೋಕಪ್ರಸಿದ್ಧ. ಆದರೆ ಇದರಲ್ಲಿ ಶಾಂತಿ ಮಾತ್ರ ಉಳಿದಿದೆ, ಅನುಗ್ರಹ ಬಿದ್ದುಹೋಗಿದೆ. ನಿಜವಾಗಿ ಇದು ಇನ್ನೊಂದು ನುಡಿಗಟ್ಟಿನ, ಎಂದರೆ ಇತರ ಪ್ರವಾದಿಗಳಾದ ಇಬ್ರಾಹೀಂ, ಮೂಸಾ, ಈಸಾ ಮೊದಲಾದವರ ಹೆಸರಿನ ನಂತರ ಹೇಳುವ ‘ಅಲೈಹಿಸ್ಸಲಾಂ’ ಎಂಬುದರ ಸರಿಯಾದ ಅನುವಾದ. ಇಂಗ್ಲಿಷಿನಲ್ಲಿ ಎರಡೂ ಒಂದೇ ಆಗಿ, ಮೂಲದಲ್ಲಿದ್ದ ವ್ಯತ್ಯಾಸ ಅಳಿಸಿಹೋಗುತ್ತದೆ. ಕೆಲವರು ಅನುವಾದದ ಗೊಡವೆಯೇ ಬೇಡವೆಂದು ಅರಬ್ಬಿಯ ಮೊದಲಕ್ಷರಗಳನ್ನೇ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಆಗ ಪ್ರವಾದಿಯವರ ಹೆಸರಿನ ಪಕ್ಕದಲ್ಲಿ ಎಸ್.ಎ.ಡಬ್ಲ್ಯು. ನಿಲ್ಲುತ್ತದೆ, ತಿಳಿಯದವನು ಅದನ್ನು ‘ಸಾ’ ಎಂದು ಓದಿದರೆ ಗರಗಸ ಎಂದಾಗುತ್ತದೆ. ಅನುಚರರ ಹೆಸರಿನ ಪಕ್ಕದಲ್ಲಿ ಆರ್.ಎ. ಎಂದಿರುತ್ತದೆ, ಅದನ್ನು ಕಂಡಾಗಲೆಲ್ಲ ವೈದ್ಯನಾದ ನನಗೆ ಕೀಲುವಾತವೇ ನೆನಪಾಗುತ್ತದೆ. ಸಾಹೇಬರು ಇದಕ್ಕೆ ನಕ್ಕರು, ಆದರೆ ಪೂರ್ತಿ ನಗಲಿಲ್ಲ.

ಇದೇನೂ ಹೊಸ ಚರ್ಚೆಯಲ್ಲ ಎಂದು ತಿಳಿಸಿದವರೂ ಅವರೇ. ಕ್ರಿ.ಶ. 1245ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡ ಇಬ್ನುಸ್ಸಲಾಹ್ ಎಂಬ ವಿದ್ವಾಂಸರು ಹದೀಸ್ ವಿದ್ಯೆಯ ಬಗ್ಗೆ ಬರೆದ ಪ್ರಸಿದ್ಧ ಗ್ರಂಥದಲ್ಲಿ, ಪ್ರತಿ ಮಾಡುವ ವಿದ್ಯಾರ್ಥಿಗೆ ಎರಡು ಕೊರತೆಗಳ ಬಗ್ಗೆ ಎಚ್ಚರಿಕೆ ಕೊಟ್ಟಿದ್ದಾರೆ. ಈ ಪ್ರಾರ್ಥನೆಯನ್ನು ಎರಡು ಮೂರು ಅಕ್ಷರಗಳ ಸಂಕೇತವಾಗಿ ಮೊಟಕು ಮಾಡುವುದು ಒಂದು ಕೊರತೆ. ಕೊನೆಯ ‘ವಸಲ್ಲಮ್’ ಬಿಟ್ಟು ಅರ್ಥವನ್ನೇ ಅರ್ಧ ಮಾಡುವುದು ಇನ್ನೊಂದು. ಎಷ್ಟು ಸಲ ಹೆಸರು ಬಂದರೂ ಬೇಸರಿಸದೆ ಪೂರ್ತಿ ಬರೆಯಬೇಕೆಂಬುದು ಅವರ ಮತ. ಅಂದಿನ ಲಿಪಿಕಾರರು ಶಾಂತಿಯ ಭಾಗವನ್ನು ಬಿಡುತ್ತಿದ್ದರು, ಇಂದಿನ ಇಂಗ್ಲಿಷ್ ಅನುವಾದಕರು ಶಾಂತಿಯನ್ನು ಮಾತ್ರ ಇಟ್ಟುಕೊಂಡಿದ್ದಾರೆ, ವ್ಯತ್ಯಾಸ ಅಷ್ಟೇ.

ಕನ್ನಡದಲ್ಲಿ ಕರಾವಳಿಯ ಮುಸ್ಲಿಂ ಲೇಖಕರು ಮತ್ತು ಪ್ರಕಾಶಕರು ಬಹಳ ಕಾಲದಿಂದ ಒಂದು ಕ್ರಮವನ್ನು ನಡೆಸಿಕೊಂಡು ಬಂದಿದ್ದಾರೆ. ಪ್ರವಾದಿಯವರ ಹೆಸರಿನ ನಂತರ ಕಂಸದೊಳಗೆ ‘ಸ’, ಇತರ ಪ್ರವಾದಿಗಳಿಗೆ ‘ಅ’, ಅನುಚರರಿಗೆ ‘ರ’. ಬಲ್ಲ ಓದುಗನು ಆ ಅಕ್ಷರವನ್ನು ಕಂಡೊಡನೆ ಮನಸ್ಸಿನಲ್ಲಿ ಪೂರ್ತಿ ವಾಕ್ಯವನ್ನು ಹೇಳಿಕೊಳ್ಳುತ್ತಾನೆ. ಅವನಿಗದು ಸಂಕ್ಷೇಪವಲ್ಲ, ನೆನಪಿನ ಗುರುತು. ತಿಳಿಯದ ಓದುಗನಿಗೆ ಮಾತ್ರ ಅದೊಂದು ಒಗಟು. ನಾನು ಮೈಸೂರಿನಲ್ಲಿ ಓದುತ್ತಿದ್ದಾಗ ಇಂಥದೊಂದು ಪುಸ್ತಕ ಕೈಗೆ ಬಂದಿತ್ತು. ‘ಸ’ ಎಂದರೆ ಸಂಪಾದಕ ಎಂದೇ ತಿಳಿದಿದ್ದೆ.

ಇನ್ನೊಂದು ತೊಡಕು ಕನ್ನಡಕ್ಕೇ ವಿಶಿಷ್ಟವಾದುದು. ಅರಬ್ಬಿಯಲ್ಲಿ, ಇಂಗ್ಲಿಷಿನಲ್ಲಿ ಹೆಸರು ಹೆಸರಾಗಿಯೇ ನಿಲ್ಲುತ್ತದೆ. ಅದರ ನಂತರ ಏನನ್ನು ಬೇಕಾದರೂ ಸೇರಿಸಬಹುದು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಹೆಸರಿಗೇ ಅಂಟಿಕೊಳ್ಳುತ್ತದೆ. ‘ಮುಹಮ್ಮದರಿಗೆ’ ಎಂಬಲ್ಲಿ ಪ್ರಾರ್ಥನೆಯನ್ನು ಎಲ್ಲಿಡುವುದು? ಪ್ರತ್ಯಯದ ನಂತರ ಇಟ್ಟರೆ ಹೆಸರಿಗೂ ಪ್ರಾರ್ಥನೆಗೂ ಸಂಬಂಧ ತಪ್ಪುತ್ತದೆ. ಮಧ್ಯದಲ್ಲಿ ಇಟ್ಟರೆ ‘ಮುಹಮ್ಮದ್(ಸ)ರಿಗೆ’ ಎಂದು ಪ್ರತ್ಯಯ ಕಂಸದಾಚೆ ಅನಾಥವಾಗಿ ನೇತಾಡುತ್ತದೆ. ಗಟ್ಟಿಯಾಗಿ ಓದುವವನು ತೊದಲುತ್ತಾನೆ. ನಾವು ಕಂಡುಕೊಂಡ ದಾರಿ ಸರಳ: ಹೆಸರು, ಆಮೇಲೆ ಪ್ರಾರ್ಥನೆ, ಆಮೇಲೆ ಬಿಡಿಯಾಗಿ ‘ಅವರು’. ಪ್ರತ್ಯಯದ ಭಾರವನ್ನೆಲ್ಲ ‘ಅವರು’ ಹೊರುತ್ತದೆ. ಅವರಿಗೆ, ಅವರಿಂದ, ಅವರಲ್ಲಿ ಎಂದು ಬೇಕಾದಂತೆ ಬದಲಿಸಬಹುದು, ಹೆಸರೂ ಪ್ರಾರ್ಥನೆಯೂ ಅಲುಗುವುದಿಲ್ಲ.

ಇಷ್ಟರಲ್ಲಿ ನಮ್ಮ ಶಿಬಿರದ ಸ್ನೇಹಿತರೊಬ್ಬರು ಒಂದು ಆಕ್ಷೇಪ ಎತ್ತಿದರು. ಅದನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ‘ಡಾಕ್ಟ್ರೇ, ಕನ್ನಡದಲ್ಲಿ ಬಂದರು, ಹೇಳಿದರು ಎನ್ನುವುದರಲ್ಲೇ ಗೌರವ ಇದೆಯಲ್ಲ. ಇಂಗ್ಲಿಷಿನವರಿಗೆ ಅದಿಲ್ಲ, ಅವರು ಬೇಕಾದರೆ ಸೇರಿಸಿಕೊಳ್ಳಲಿ. ನಮಗ್ಯಾಕೆ?’ ಎಂಬುದು ಅವರ ವಾದ. ಈ ವಾಕ್ಯಗಳು ಗೌರವಸೂಚಕಗಳೇ ಆಗಿದ್ದರೆ ಅವರ ಮಾತು ನೂರಕ್ಕೆ ನೂರು ಸರಿ. ಶ್ರೀ, ಪೂಜ್ಯ, ಹಜ್ರತ್ ಮೊದಲಾದವು ಗೌರವಸೂಚಕಗಳು. ಅವು ಹೆಸರಿಗೆ ಮೊದಲು ಬರುತ್ತವೆ, ಆ ವ್ಯಕ್ತಿಯ ಹಿರಿಮೆಯನ್ನು ಹೇಳುತ್ತವೆ. ‘ಬಂದರು’ ಎಂಬ ಬಹುವಚನವೂ ಅದನ್ನೇ ಮಾಡುತ್ತದೆ. ಆದರೆ ಹೆಸರಿನ ನಂತರ ಬರುವ ಅರಬ್ಬಿ ವಾಕ್ಯ ಆ ವ್ಯಕ್ತಿಯ ಬಗ್ಗೆ ಓದುಗನಿಗೆ ಏನನ್ನೂ ಹೇಳುತ್ತಿಲ್ಲ. ಅದು ದೇವರ ಕಡೆಗೆ ತಿರುಗಿ ಆಡಿದ ಮಾತು. ನಮ್ಮ ಅಜ್ಜಿ, ಕಷ್ಟಕಾಲದಲ್ಲಿ ಅಕ್ಕಿ ಕೊಟ್ಟ ನೆರೆಮನೆಯವನ ಹೆಸರೆತ್ತಿದಾಗಲೆಲ್ಲ ‘ಅವನ ಹೊಟ್ಟೆ ತಣ್ಣಗಿರಲಿ’ ಎಂದು ಸೇರಿಸದೆ ಮಾತು ಮುಂದುವರಿಸುತ್ತಿರಲಿಲ್ಲ. ಅವನನ್ನು ಅಜ್ಜಿ ಏಕವಚನದಲ್ಲೇ ಕರೆಯುತ್ತಿದ್ದಳು. ಗೌರವ ಬೇರೆ, ಹರಕೆ ಬೇರೆ. ಈ ಉದಾಹರಣೆ ಕೊಟ್ಟ ಮೇಲೆ ಸ್ನೇಹಿತರು ಸುಮ್ಮನಾದರು. ಕನ್ನಡದ ಅದೃಷ್ಟವೆಂದರೆ, ಇಂಥ ಹರಕೆಗೆಂದೇ ‘-ಅಲಿ’ ಎಂಬ ಪ್ರತ್ಯಯ ನಮ್ಮಲ್ಲಿ ಇನ್ನೂ ಮನೆಮಾತಿನಲ್ಲಿದೆ.

ಆದರೆ ಮನೆಮಾತಿಗೂ ಒಂದು ಅಪಾಯವಿದೆ. ನನ್ನ ಮೊದಲ ಕರಡಿನಲ್ಲಿ, ‘ಮೇಲೆ ಶಾಂತಿ’ ಎಂಬುದು ಅರಬ್ಬಿಯ ಜಾಯಮಾನವೆಂದು ತಿಳಿದು, ‘ಅವರಿಗೆ ಶಾಂತಿ ಸಿಗಲಿ’ ಎಂದು ಬರೆದಿದ್ದೆ. ಸಾಹೇಬರು ಅದನ್ನು ಓದಿ ಲೇಖನಿಯನ್ನು ಕೆಳಗಿಟ್ಟರು. ‘ಇದು ಪತ್ರಿಕೆಯ ನಿಧನವಾರ್ತೆಯ ಹಾಗಿದೆ ಡಾಕ್ಟ್ರೇ’ ಎಂದರು. ನಿಜ. ಕನ್ನಡದಲ್ಲಿ ಆತ್ಮಕ್ಕೆ ಶಾಂತಿ ಸಿಗುವುದು ಸಂತಾಪ ಸೂಚಿಸುವಾಗ ಮಾತ್ರ. ಕೊನೆಗೆ ‘ದೇವರ ಅನುಗ್ರಹವೂ ಶಾಂತಿಯೂ ಅವರ ಮೇಲಿರಲಿ’ ಎಂದು ಬರೆದೆವು. ಅನುಗ್ರಹ ಮೊದಲು ಬಂದುದರಿಂದ ಶಾಂತಿಯ ಮೇಲಿನ ಸಾವಿನ ನೆರಳು ಸರಿಯಿತು, ‘ಮೇಲಿರಲಿ’ ಎಂಬುದೂ ಸಹಜವಾಯಿತು. ಅನುಗ್ರಹ ಯಾರದಾದರೂ ಮೇಲೆಯೇ ತಾನೇ ಇರುವುದು.

ಎರಡನೆಯ ಹೆಸರು ಆಯಿಶಾ ಅವರದು. ತಪ್ಪಿಹೋದ ಉಪವಾಸಗಳನ್ನು ಅವರು ಮುಂದಿನ ರಂಜಾನಿಗೆ ಮೊದಲಿನ ಶಅಬಾನ್ ತಿಂಗಳಲ್ಲಿ ಪೂರೈಸುತ್ತಿದ್ದರೆಂಬ ವರದಿಯನ್ನು ಕರಪತ್ರ ಎತ್ತಿಕೊಂಡಿತ್ತು. ಮೂರನೆಯದು ಇಬ್ನು ಅಬ್ಬಾಸ್ ಅವರದು. ಉಪವಾಸ ಮಾಡಲಾರದ ವೃದ್ಧರು ದಿನಕ್ಕೊಬ್ಬ ಬಡವನಿಗೆ ಊಟ ಹಾಕಬಹುದೆಂದು ಹೇಳಿದವರು ಇವರು. ಮುಪ್ಪಿನ ಮಧುಮೇಹಿಗಳಿಗೆ ನಾನು ಹೇಳಬೇಕಾದ ಮಾತೂ ಅದೇ ಆದ್ದರಿಂದ ಈ ಭಾಗ ಬಹಳ ಮುಖ್ಯವಾಗಿತ್ತು. ಇಬ್ಬರ ಹೆಸರಿನ ನಂತರವೂ ಬರುವುದು ‘ರಝಿಯಲ್ಲಾಹು’ ಎಂಬುದೇ, ಆದರೆ ಕೊನೆ ಬೇರೆ. ಆಯಿಶಾ ಅವರಿಗೆ ‘ಅನ್ಹಾ’, ಇಬ್ನು ಅಬ್ಬಾಸರಿಗೆ ‘ಅನ್ಹುಮಾ’. ಮೊದಲನೆಯದು ಸ್ತ್ರೀಲಿಂಗ. ಎರಡನೆಯದು ದ್ವಿವಚನ, ‘ಅವರಿಬ್ಬರ’ ಎಂದು. ಹೆಸರಿರುವುದು ಒಬ್ಬರದು, ಪ್ರಾರ್ಥನೆ ಇಬ್ಬರಿಗೆ!

ನಾನು ಅಚ್ಚಿನ ತಪ್ಪೆಂದು ಎಣಿಸಿದೆ. ತಪ್ಪಲ್ಲ. ಇಬ್ನು ಅಬ್ಬಾಸ್ ಎಂದರೆ ಅಬ್ಬಾಸರ ಮಗ. ಆ ಹೆಸರಿನಲ್ಲೇ ತಂದೆಯೂ ಇದ್ದಾರೆ, ಮತ್ತು ಆ ತಂದೆಯೂ ಪ್ರವಾದಿಯವರ ಅನುಚರರೇ. ಆದುದರಿಂದ ಪ್ರಾರ್ಥನೆ ಇಬ್ಬರಿಗೂ ಸಲ್ಲುತ್ತದೆ. ಇಬ್ನು ಉಮರ್ ಅವರ ಹೆಸರಿಗೂ ಹೀಗೆಯೇ. ಬಲ್ಲವನಿಗೆ ಆ ಒಂದು ಅಕ್ಷರದಿಂದ ಮನೆತನದ ಚರಿತ್ರೆಯೇ ತಿಳಿಯುತ್ತದೆ. ಇಂಗ್ಲಿಷ್ ಅನುವಾದಕನು ಇಲ್ಲಿ ‘ಹಿಮ್’ ಎಂದು ತಿದ್ದಿಬಿಟ್ಟಿದ್ದ. ಮೂಲ ತಪ್ಪೆಂದು ಅವನಿಗೂ ಅನಿಸಿರಬೇಕು. ಕನ್ನಡದಲ್ಲಿ ತಿದ್ದುವ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ನಮ್ಮ ‘ಅವರು’ ಗಂಡು, ಹೆಣ್ಣು, ಒಬ್ಬರು, ಹಲವರು ಎಲ್ಲರನ್ನೂ ಒಂದೇ ಕಂಬಳಿಯಲ್ಲಿ ಹೊದಿಸುತ್ತದೆ. ‘ರ’ ಎಂಬ ಒಂಟಿ ಅಕ್ಷರವಂತೂ ಇನ್ನೂ ಮೌನಿ. ಆಯಿಶಾ ಎಂಬಲ್ಲಿ ನಷ್ಟವಿಲ್ಲ, ಹೆಸರೇ ಹೆಣ್ಣೆಂದು ಹೇಳುತ್ತದೆ. ಇಬ್ನು ಅಬ್ಬಾಸ್ ಎಂಬಲ್ಲಿ ನಷ್ಟವಿದೆ. ಅಲ್ಲಿ ನಾವು ‘ತಂದೆ ಮಗ ಇಬ್ಬರನ್ನೂ ದೇವರು ಮೆಚ್ಚಲಿ’ ಎಂದು ಬಿಡಿಸಿ ಬರೆದೆವು. ‘ಸಂತುಷ್ಟನಾಗಲಿ’ ಎಂಬುದು ನಿಘಂಟಿಗೆ ಹತ್ತಿರವಾದರೂ, ದೇವರು ಮೆಚ್ಚುವುದು ಕನ್ನಡಿಗರ ನಾಲಗೆಗೆ ಹತ್ತಿರ. ಈ ಆಯ್ಕೆಯನ್ನು ಎಲ್ಲರೂ ಒಪ್ಪಲಾರರು. ಸಾಹೇಬರೂ ಅರೆಮನಸ್ಸಿನಿಂದಲೇ ಒಪ್ಪಿದ್ದು.

ಇಲ್ಲಿ ಒಂದು ಮಾತನ್ನು ಕೊಲ್ಲಿಗೆ ಬರಬೇಕೆಂದಿರುವ ಕಿರಿಯರಿಗೆ, ವಿಶೇಷವಾಗಿ ದಾದಿಯರಿಗೆ ಹಾಗೂ ಕಚೇರಿಯ ಕೆಲಸಕ್ಕೆ ಬರುವವರಿಗೆ ಹೇಳಬೇಕು. ಬಹರೈನಿನಲ್ಲಿ ಸುನ್ನಿಗಳೂ ಇದ್ದಾರೆ, ಶಿಯಾಗಳೂ ಇದ್ದಾರೆ. ಅಲಿಯವರ ಹೆಸರಿನ ನಂತರ ಸುನ್ನಿ ಲೇಖಕರು ಸಾಮಾನ್ಯವಾಗಿ ‘ರಝಿಯಲ್ಲಾಹು ಅನ್ಹು’ ಎನ್ನುತ್ತಾರೆ; ದೇವರು ಅವರ ಮುಖವನ್ನು ಗೌರವಿಸಲಿ ಎಂಬ ವಿಶೇಷ ಪ್ರಾರ್ಥನೆಯನ್ನೂ ಬಳಸುವುದುಂಟು. ಶಿಯಾ ಲೇಖಕರು ‘ಅಲೈಹಿಸ್ಸಲಾಂ’ ಎನ್ನುತ್ತಾರೆ. ಪ್ರವಾದಿಯವರ ಹೆಸರಿನ ಪ್ರಾರ್ಥನೆಯಲ್ಲಿಯೂ ಅವರು ‘ವ ಆಲಿಹಿ’ ಎಂದು ಸೇರಿಸಿ ಅವರ ಮನೆತನವನ್ನು ನೆನೆಯುತ್ತಾರೆ. ಟೈಪು ಮಾಡುವವರು, ಅನುವಾದಿಸುವವರು ಎಲ್ಲವನ್ನೂ ಒಂದೇ ಅಚ್ಚಿಗೆ ತರುವ ಉತ್ಸಾಹದಲ್ಲಿ ಒಂದನ್ನು ಇನ್ನೊಂದಾಗಿ ‘ಸರಿಪಡಿಸಿದರೆ’, ಬರೆದವರ ಬಾಯಲ್ಲಿ ಅವರು ಆಡದ ಮಾತನ್ನು ತುರುಕಿದಂತೆ. ಮೂಲದಲ್ಲಿ ಇದ್ದುದು ಇರಲಿ, ಇಲ್ಲದ್ದು ಬೇಡ.

ಇಲ್ಲದ್ದು ಬೇಡ ಎಂಬುದು ಅಷ್ಟು ಸುಲಭವಲ್ಲ ಎಂದು ಸಾಹೇಬರು ಅಲ್ಲಿಯೂ ನನ್ನನ್ನು ತಡೆದರು. ಒಂಬತ್ತನೆಯ ಶತಮಾನದ ಇಮಾಮ್ ಅಹ್ಮದ್ ಇಬ್ನು ಹಂಬಲರ ಕೈಬರಹದಲ್ಲಿ ಕೆಲವೆಡೆ ಪ್ರವಾದಿಯವರ ಹೆಸರಿನ ನಂತರ ಪ್ರಾರ್ಥನೆ ಇರುತ್ತಿರಲಿಲ್ಲವಂತೆ. ತಮಗೆ ವರದಿಯಾಗಿ ಬಂದ ಮಾತಿನಲ್ಲಿ ಅದು ಇಲ್ಲದಿದ್ದರೆ ಅವರು ಬರೆಯುತ್ತಿರಲಿಲ್ಲ, ಆದರೆ ಬಾಯಿಯಲ್ಲಿ ಹೇಳಿಕೊಳ್ಳುತ್ತಿದ್ದರು ಎಂದು ಹಿಂದಿನವರು ವಿವರಿಸಿದ್ದಾರೆ. ಇಬ್ನುಸ್ಸಲಾಹರ ನಿಲುವು ಬೇರೆ. ಇದು ವರದಿ ಮಾಡುವ ಮಾತಲ್ಲ, ಬರೆಯುವವನದೇ ಪ್ರಾರ್ಥನೆ. ಆದ್ದರಿಂದ ಮೂಲದಲ್ಲಿ ಇರಲಿ ಬಿಡಲಿ ಬರೆಯಬಹುದು ಎಂದು ಅವರು ವಾದಿಸಿದರು. ಅನುವಾದಕನ ಮುಂದಿರುವ ಪ್ರಶ್ನೆಯೂ ಇದೇ. ಪ್ರಾರ್ಥನೆ ಯಾರದು? ನಾನು ಆ ಮತದವನಲ್ಲ. ನನ್ನದಲ್ಲದ ಪ್ರಾರ್ಥನೆಯನ್ನು ನಾನು ಸೇರಿಸಿದರೆ ಅದು ನಟನೆ. ಮೂಲ ಲೇಖಕರು ಮಾಡಿದ ಪ್ರಾರ್ಥನೆಯನ್ನು ನಾನು ತೆಗೆದುಹಾಕಿದರೆ ಅದು ಕಳವು. ಸಾಹೇಬರು ಸ್ವತಃ ಅನುವಾದಿಸಿದ್ದರೆ ಅವರು ಸೇರಿಸಬಹುದಿತ್ತು, ಅದು ಅವರ ಹಕ್ಕು. ನನಗೆ ಅಹ್ಮದರ ದಾರಿಯೇ ಸರಿಯೆನಿಸಿತು, ಬಾಯಿಯಲ್ಲಿ ಹೇಳಿಕೊಳ್ಳುವ ಭಾಗವನ್ನು ಓದುಗರಿಗೆ ಬಿಟ್ಟು.

ಅಚ್ಚಿನಲ್ಲಿ ಒಂದು ಸಣ್ಣ ಅವಾಂತರವೂ ಆಯಿತು. ಪುಟ ಕಟ್ಟಿದ ಹುಡುಗ ಜಾಗ ಉಳಿಸಲೆಂದು, ಈ ಇಡೀ ಪ್ರಾರ್ಥನೆಗೆ ಯೂನಿಕೋಡಿನಲ್ಲಿರುವ ಒಂದೇ ಚಿಹ್ನೆಯನ್ನು, U+FDFA ಎಂಬುದನ್ನು, ಹಾಕಿದ್ದ. ನೋಡಲು ಸುಂದರವಾದ ಅರಬ್ಬಿ ಮುದ್ರೆ ಅದು. ಬಿಡಿಸಿದರೆ ಹದಿನೆಂಟು ಅಕ್ಷರಸ್ಥಾನಗಳಷ್ಟು ಉದ್ದ. ನಮ್ಮ ಕನ್ನಡ ಫಾಂಟಿನಲ್ಲಿ ಅದು ಇರಲಿಲ್ಲ. ಪ್ರವಾದಿಯವರ ಹೆಸರಿನ ನಂತರ ಪ್ರತಿ ಸಲವೂ ಒಂದು ಖಾಲಿ ಚೌಕ ಮೂಡಿತ್ತು. ಪುಣ್ಯಕ್ಕೆ ಪರೀಕ್ಷೆಗೆ ತೆಗೆದ ಪ್ರತಿಯಲ್ಲೇ ಕಣ್ಣಿಗೆ ಬಿತ್ತು. ಮೊದಲ ಸಲ ಬಂದಾಗ ಕನ್ನಡದಲ್ಲಿ ಪೂರ್ತಿ, ಆಮೇಲೆ ಕಂಸದಲ್ಲಿ ‘ಸ’, ಅದೇನೆಂದು ಮೊದಲ ಪುಟದ ಅಡಿಯಲ್ಲಿ ಒಂದು ಸಾಲು ಎಂದು ನಿಶ್ಚಯಿಸಿದೆವು. ಇಬ್ನುಸ್ಸಲಾಹರು ಮೆಚ್ಚುತ್ತಿರಲಿಲ್ಲ. ನಾಲ್ಕು ಪುಟದೊಳಗೆ ಇನ್ಸುಲಿನ್ನಿನ ಕೋಷ್ಟಕವೂ ಹಿಡಿಯಬೇಕಾಗಿತ್ತು.

ನಾಲ್ಕನೆಯ ಹೆಸರು ಕರಪತ್ರವನ್ನು ಬರೆದ ವೈದ್ಯರದು. ಕೊನೆಯ ಪುಟದಲ್ಲಿ ಅವರ ಹೆಸರು, ಅದರ ನಂತರ ‘ರಹಿಮಹುಲ್ಲಾಹ್’. ಇಂಗ್ಲಿಷ್ ಪ್ರತಿಯಲ್ಲಿ ಆ ಪದ ಮಾಯವಾಗಿ, ಹೆಸರಿನ ಕೆಳಗೆ ಸಂಪರ್ಕಿಸಿ ಎಂದು ದೂರವಾಣಿ ಸಂಖ್ಯೆ ಮಾತ್ರ ಉಳಿದಿತ್ತು. ಬದುಕಿರುವವರ ಹೆಸರಿನ ನಂತರ ಬರುವುದು ‘ಹಫಿಝಹುಲ್ಲಾಹ್’, ದೇವರು ಕಾಪಾಡಲಿ ಎಂದು. ಇದನ್ನು ಅದಕ್ಕೆ, ಅದನ್ನು ಇದಕ್ಕೆ ಮಾಡಿದರೆ ಬದುಕಿರುವವರನ್ನು ಸಾಯಿಸಿದಂತೆ. ನಾನು ಈ ಸಲ ಎಚ್ಚರವಾಗಿದ್ದೆ. ‘ದಿವಂಗತ’ ಎಂದು ಬರೆಯೋಣವೇ ಎಂದು ಕೇಳಿದೆ. ಸಾಹೇಬರು ಸ್ವಲ್ಪ ಹೊತ್ತು ಯೋಚಿಸಿದರು. ‘ದಿವಂಗತ, ಸ್ವರ್ಗಸ್ಥ ಎಂದರೆ ಅವರು ಅಲ್ಲಿಗೆ ಹೋಗಿಯಾಯಿತು ಎಂದು ನಾವೇ ತೀರ್ಪು ಕೊಟ್ಟ ಹಾಗೆ. ಮೂಲದಲ್ಲಿ ಇರುವುದು ಬೇಡಿಕೆ ಮಾತ್ರ’ ಎಂದರು. ‘ತೀರಿಕೊಂಡಿರುವ’ ಎಂದು ಹೆಸರಿನ ಮೊದಲು, ‘ದೇವರ ಕರುಣೆ ಅವರ ಮೇಲಿರಲಿ’ ಎಂದು ಹೆಸರಿನ ನಂತರ ಬರೆದು, ದೂರವಾಣಿ ಸಂಖ್ಯೆಯನ್ನು ತೆಗೆದುಹಾಕಿ, ಮುದ್ರಣಕ್ಕೆ ಕಳಿಸಿದೆವು.